ಸಂಪಿನ ನೀರು 450 ತೋರಿಸಿದ ದಿನ

ಮಂಡ್ಯದ ನಮ್ಮ ಮನೆಗೆ ಎರಡು ನೀರು. ಕುಡಿಯೋಕೆ, ಅಡುಗೆಗೆ ನಲ್ಲಿಯ ಕಾವೇರಿ ನೀರು ಸಂಪಿಗೆ ಬೀಳುತ್ತದೆ. ಬಟ್ಟೆ, ಪಾತ್ರೆಗೆ ಬೋರ್ ನೀರು. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ಅಂದಾಜು ತೋರಿಸುವ ಟಿಡಿಎಸ್ ಮೀಟರ್ ತಂದ ಮೊದಲ ವಾರ ದಿನಾ ಎರಡನ್ನೂ ಅಳೆದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡೆ: ಕಾವೇರಿ 180ರ ಆಸುಪಾಸು, ಬೋರ್ 760.

ಬೇಸಿಗೆಯಲ್ಲಿ ಒಂದು ದಿನ ಅತ್ತೆ, "ಬೇಳೆ ಬೇಯ್ತಾನೇ ಇಲ್ಲ ಕಣವ್ವ" ಅಂದರು. ಸಂಪಿನ ನೀರಿಗೆ ಮೀಟರಿನ ತುದಿ ಅದ್ದಿ, ಗುಳ್ಳೆ ಹೋಗುವಂತೆ ಅಲ್ಲಾಡಿಸಿ, ಅರ್ಧ ನಿಮಿಷ ಕಾದೆ. 450! ನಲ್ಲಿ ಬಿಟ್ಟಾಗ ಬಂದ ನೀರು ಮಾತ್ರ 180ರಲ್ಲೇ ಇತ್ತು. ಲೆಕ್ಕ ಹಾಕಿದೆ: ಎರಡು ನೀರಿನ ನಡುವಿನ ಅಂತರ 580, ಅದರಲ್ಲಿ 270 ಏರಿದೆ. ಅಂದರೆ ಸಂಪಿನಲ್ಲಿ ಹತ್ತಿರ ಹತ್ತಿರ ಅರ್ಧ ಬೋರ್ ನೀರು. ನೀರು ಸಾಲದಿದ್ದರೆ ಇರಲಿ ಅಂತ ಬೋರಿನಿಂದ ಸಂಪಿಗೂ ಒಂದು ಪೈಪ್ ಎಳೆಸಿದ್ದೆವು. ಅದರ ವಾಲ್ವ್ ಮುಚ್ಚಿದ್ದರೂ ಸೋರುತ್ತಿತ್ತು. ವಾಲ್ವ್ ಬದಲಾಯಿಸಿ, ಸಂಪು ಖಾಲಿ ಮಾಡಿ ತುಂಬಿಸಿದ ಮೇಲೆ 182ಕ್ಕೆ ಇಳಿಯಿತು.

ಮೀಟರ್ ನಿಜವಾಗಿ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದನ್ನು. ಅದನ್ನು ಒಂದು ಸಂಖ್ಯೆಯಿಂದ ಗುಣಿಸಿ ppm, ಅಂದರೆ ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ತೋರಿಸುತ್ತದೆ. ನನ್ನದು 0.5ರಿಂದ ಗುಣಿಸುತ್ತದೆ, ಗುಣಿಸುವ ಮೊದಲಿನ ಅಂಕಿ ತೋರಿಸುವ µS ಗುಂಡಿ ಒತ್ತಿದರೆ ಅದೇ 450ರ ನೀರು 900. 0.7ರಿಂದ ಗುಣಿಸುವ ಮೀಟರಿನಲ್ಲಿ ಅದೇ 630 ಆಗುತ್ತದೆ. ಹಾಗಾಗಿ ಪಕ್ಕದ ಮನೆಯವರ ಮೀಟರಿನ ಅಂಕಿಗೆ ನಮ್ಮದನ್ನು ಹೋಲಿಸಬಾರದು. ಹೋಲಿಸುವುದಾದರೆ µS ನೋಡಿ.

ಒಂದು ಲೋಟ ನೀರಿಗೆ ಒಂದು ಚಮಚ ಸಕ್ಕರೆ ಕದಡಿ ನೋಡಿ, ಅಂಕಿ ಹೆಚ್ಚು ಕಡಿಮೆ ಅಲ್ಲೇ ನಿಲ್ಲುತ್ತದೆ. ಚಿಟಿಕೆ ಉಪ್ಪು ಹಾಕಿದರೆ ಒಮ್ಮೆಲೇ ಜಿಗಿಯುತ್ತದೆ. ಸಕ್ಕರೆ ಕರಗಿದರೂ ವಿದ್ಯುತ್ ಹರಿಸುವುದಿಲ್ಲ. ರೋಗಾಣುವೂ ಅಷ್ಟೇ. ಫ್ಲೋರೈಡ್ ಹರಿಸುತ್ತದೆ ನಿಜ, ಆದರೆ ಭಾರತೀಯ ಮಾನಕದ ಪ್ರಕಾರ ಅದರ ಗರಿಷ್ಠ ಮಿತಿಯೇ ಲೀಟರಿಗೆ 1.5 ಮಿಲಿಗ್ರಾಂ. 760ರಲ್ಲಿ ಅಷ್ಟು ಸೇರಿದರೂ, ಕಳೆದರೂ ಮೀಟರಿಗೆ ಗೊತ್ತಾಗುವುದಿಲ್ಲ. ಬೋರ್ ನೀರು ಕುಡಿಯುವವರು ಫ್ಲೋರೈಡ್, ನೈಟ್ರೇಟ್ ಎರಡನ್ನೂ ಪ್ರಯೋಗಾಲಯದಲ್ಲೇ ನೋಡಿಸಬೇಕು.

ಮೀಟರಿಗೆ ರೋಗಾಣು ಗೊತ್ತಾಗುವುದಿಲ್ಲ ಅನ್ನುವುದು ನನಗೆ ಮನದಟ್ಟಾಗಿದ್ದು ಮಳೆಗಾಲದಲ್ಲಿ. ಬೀದಿಯಲ್ಲಿ ಪೈಪ್ ಒಡೆದು ರಿಪೇರಿಯಾಗಿತ್ತು. ನಲ್ಲಿ ನೀರಿನಲ್ಲಿ ಸಣ್ಣ ಚರಂಡಿ ವಾಸನೆ, ಮೀಟರಿನಲ್ಲಿ ಮಾತ್ರ 186. ನೀರಿನ ಸೋಂಕು ಪರೀಕ್ಷಿಸುವ ಎಚ್‌ಟುಎಸ್ ಬಾಟಲಿ ತಂದು, ಗುರುತಿನವರೆಗೆ ನೀರು ತುಂಬಿ, ಅಡುಗೆಮನೆಯ ಬೆಚ್ಚನೆಯ ಮೂಲೆಯಲ್ಲಿಟ್ಟೆ. ಮರುದಿನ ಬೆಳಿಗ್ಗೆ ನೀರು ಕಪ್ಪಾಗಿತ್ತು. ಮಲದ ಸೋಂಕಿರಬಹುದು ಅನ್ನುವ ಸೂಚನೆ ಅದು. ಆವತ್ತಿನಿಂದಲೇ ನೀರು ಕುದಿಸಿ ಕುಡಿದೆವು, ನೀರು ಬಿಡುವವರಿಗೆ ಆ ಬಾಟಲಿಯನ್ನೇ ತೋರಿಸಿದೆ. ಪೈಪಿನ ಜಾಯಿಂಟ್ ಮತ್ತೆ ಸರಿಮಾಡಿದ ಮೇಲೆ ಇಟ್ಟ ಬಾಟಲಿ ಎರಡು ದಿನವಾದರೂ ಕಪ್ಪಾಗಲಿಲ್ಲ. ಮೀಟರಿನಲ್ಲಿ ಆಗಲೂ 184.