ಕೋಳಿ ಶೆಡ್ಡಿನ ಚಾವಣಿಗೆ ಪ್ಯಾನೆಲ್: ಅಮೋನಿಯಾ ಪ್ರಮಾಣಪತ್ರವನ್ನು ನಾನು ಓದುವ ಬಗೆ

ಹಾಸನ ಜಿಲ್ಲೆಯಲ್ಲಿ ಸೌರ ಪ್ಯಾನೆಲ್ ಅಳವಡಿಸುವ ಕೆಲಸ ನನ್ನದು. ಅರಸೀಕೆರೆ ಕಡೆಯ ಮೊಟ್ಟೆ ಕೋಳಿ ಫಾರಂ ಒಂದಕ್ಕೆ 540 ವ್ಯಾಟಿನ 20 ಪ್ಯಾನೆಲ್, ಅಂದರೆ 10.8 ಕಿಲೋವ್ಯಾಟ್ ಹಾಕಬೇಕಿತ್ತು. ಪೂರೈಕೆದಾರರು ದರಪಟ್ಟಿಯ ಜೊತೆಗೆ ಒಂದು ಪ್ರಮಾಣಪತ್ರವನ್ನೂ ಕಳಿಸಿದ್ದರು. ಅದು ಉಪ್ಪುಗಾಳಿ ಪರೀಕ್ಷೆಯದು, ಐಇಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 61701ನೇ ಮಾನಕದಂತೆ, ತೀವ್ರತೆ 6. ‘ಫಾರಂಗೆ ಹೇಳಿ ಮಾಡಿಸಿದ ಮಾಲು ಸರ್’ ಎಂದು ಫೋನಿನಲ್ಲಿ ಭರವಸೆಯನ್ನೂ ಕೊಟ್ಟರು.

ಪತ್ರ ನಿಜವಾದದ್ದೇ, ಪರೀಕ್ಷೆಯೂ ಕಠಿಣವಾದದ್ದೇ. ಶೇಕಡಾ 5ರಷ್ಟು ಉಪ್ಪಿರುವ ನೀರನ್ನು ಪ್ಯಾನೆಲ್ ಮೇಲೆ ಸಿಂಪಡಿಸಿ, ತೇವದಲ್ಲಿಟ್ಟು, ಒಣಗಿಸಿ, ಇದನ್ನೇ ವಾರಗಟ್ಟಲೆ ಮಾಡುತ್ತಾರೆ. ಮಲ್ಪೆಯ ಕಡಲ ದಂಡೆಯ ಮನೆಗೆ ಪ್ಯಾನೆಲ್ ಕೊಡುವುದಾದರೆ ನಾನು ಮೊದಲು ಕೇಳುವ ಪತ್ರ ಅದೇ. ಆದರೆ ಅರಸೀಕೆರೆಗೂ ಕಡಲಿಗೂ ನಡುವೆ ಇಡೀ ಘಟ್ಟವೇ ಇದೆ. ಇಲ್ಲಿ ಪ್ಯಾನೆಲ್ಲಿಗೆ ತಗಲುವುದು ಉಪ್ಪಲ್ಲ, ಕೋಳಿ ಹಿಕ್ಕೆಯಿಂದ ಏಳುವ ಅಮೋನಿಯಾ. ಎರಡೂ ಲೋಹವನ್ನು ತಿನ್ನುತ್ತವೆ ನಿಜ, ಆದರೆ ತಿನ್ನುವ ದಾರಿ ಬೇರೆ. ಉಪ್ಪು ನೀರಿನಲ್ಲಿ ಕರಗಿ ಮೇಲ್ಮೈಯಲ್ಲಿ ನಿಲ್ಲುತ್ತದೆ. ಅಮೋನಿಯಾ ಅನಿಲವಾಗಿ ಸಂದುಗಳೊಳಗೆ ನುಗ್ಗುತ್ತದೆ, ಇಬ್ಬನಿ ಸಿಕ್ಕಿದರೆ ಅದರಲ್ಲಿ ಕರಗಿ ಕ್ಷಾರವಾಗುತ್ತದೆ, ತಾಮ್ರದ ಮೇಲಂತೂ ವಿಶೇಷವಾಗಿ ಎರಗುತ್ತದೆ. ಹಾಗಾಗಿ ಒಂದರ ಪತ್ರ ಇನ್ನೊಂದಕ್ಕೆ ಸಲ್ಲುವುದಿಲ್ಲ. ಅಮೋನಿಯಾ ಪರೀಕ್ಷೆಯ ಮಾನಕದ ಸಂಖ್ಯೆ ಐಇಸಿ 62716. ಅದನ್ನು ಕಳಿಸಿ ಎಂದು ಕೇಳಿದೆ.

ಆ ಪತ್ರ ಬರುವವರೆಗೆ ಗೋದಾಮಿಗೆ ಹೋಗಿ ಪ್ಯಾನೆಲ್ಲಿನ ಬೆನ್ನಿಗೆ ಅಂಟಿಸಿದ ಲೇಬಲ್ ಓದಿದೆ. ವ್ಯಾಟ್, ವೋಲ್ಟ್, ಆಂಪಿಯರ್‌ಗಳನ್ನು ಎಲ್ಲರೂ ನೋಡುತ್ತಾರೆ. ನಾನು ಮೊದಲು ಬರೆದುಕೊಳ್ಳುವುದು ಮಾದರಿ ಸಂಖ್ಯೆಯನ್ನು, ಒಂದಕ್ಷರವೂ ಬಿಡದೆ. ಆಮೇಲೆ ಭಾರತೀಯ ಮಾನಕ ಬ್ಯೂರೋದ, ಅಂದರೆ ಬಿಐಎಸ್‌ನ ಗುರುತು, ಅದರ ಜೊತೆಗಿರುವ ಐಎಸ್ 14286 ಮತ್ತು ಐಎಸ್/ಐಇಸಿ 61730 ಎಂಬ ಮಾನಕಗಳು, ಹಾಗೂ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ನೋಂದಣಿ ಯಾರ ಹೆಸರಿನಲ್ಲಿದೆ, ಈಗಲೂ ಚಾಲ್ತಿಯಲ್ಲಿದೆಯೇ ಎಂಬುದು ಗೊತ್ತಾಗುತ್ತದೆ. ನಮ್ಮ ಪ್ಯಾನೆಲ್ಲಿನದು ಸರಿಯಾಗಿತ್ತು.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಿರಬೇಕು. ಐಎಸ್ 14286 ಎಂದರೆ ಪ್ಯಾನೆಲ್ ಬಿಸಿಲು, ಮಳೆ, ಚಳಿ, ಆಲಿಕಲ್ಲುಗಳನ್ನು ತಡೆಯುವ ಗಟ್ಟಿತನದ ಪರೀಕ್ಷೆ. 61730 ಎಂದರೆ ವಿದ್ಯುತ್ ಆಘಾತ, ಬೆಂಕಿಯಂಥ ಅಪಾಯಗಳಿಂದ ಸುರಕ್ಷತೆಯ ಪರೀಕ್ಷೆ. ಕಡ್ಡಾಯ ನೋಂದಣಿ ಈ ಎರಡಕ್ಕೆ ಮಾತ್ರ. ಉಪ್ಪುಗಾಳಿ, ಅಮೋನಿಯಾ ಎರಡೂ ತಯಾರಕರು ತಾವಾಗಿಯೇ ಮಾಡಿಸುವ ಹೆಚ್ಚುವರಿ ಪರೀಕ್ಷೆಗಳು. ಆದ್ದರಿಂದ ಲೇಬಲ್ಲಿನಲ್ಲಿ ಬಿಐಎಸ್ ಗುರುತು ಕಂಡ ಮಾತ್ರಕ್ಕೆ ಕೋಳಿ ಶೆಡ್ಡಿಗೆ ಆದೀತು ಎಂದುಕೊಳ್ಳಲಾಗದು. ಡೇಟಾಶೀಟಿನ ಕೆಳಗೆ ಸಾಲಾಗಿ ಅಚ್ಚಾಗಿರುವ ಚಿಹ್ನೆಗಳನ್ನೂ ನಾನು ಪುರಾವೆಯೆಂದು ಎಣಿಸುವುದಿಲ್ಲ. ಹಲವು ಮಾದರಿಗಳಿಗೆ ಒಂದೇ ಹಾಳೆಯನ್ನು ಅಚ್ಚು ಹಾಕಿಸಿರುತ್ತಾರೆ.

ಮುಂದಿನ ವಾರ 62716ರ ಪ್ರಮಾಣಪತ್ರ ಬಂತು. ಮೊದಲ ಪುಟದಲ್ಲಿ ಪ್ರಯೋಗಾಲಯದ ಹೆಸರು, ತಯಾರಕರ ಹೆಸರು, ವರದಿಯ ಸಂಖ್ಯೆ, ಮಾನಕ, ಎಲ್ಲವೂ ಅಚ್ಚುಕಟ್ಟಾಗಿದ್ದವು. ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ. ಪತ್ರದ ಜೀವ ಇರುವುದು ಅನುಬಂಧದಲ್ಲಿ, ಯಾವ ಯಾವ ಮಾದರಿಗೆ ಅದು ಅನ್ವಯಿಸುತ್ತದೆ ಎಂಬ ಪಟ್ಟಿಯಲ್ಲಿ. ನಾನು ಬರೆದುಕೊಂಡಿದ್ದ ಮಾದರಿ ಸಂಖ್ಯೆಯನ್ನು ಪಕ್ಕದಲ್ಲಿಟ್ಟು ಓದಿದೆ. ಅಂಕಿಗಳೆಲ್ಲ ಹೊಂದಿದವು, 540 ವ್ಯಾಟ್ ಕೂಡ ಪಟ್ಟಿಯಲ್ಲಿತ್ತು. ಆದರೆ ಪಟ್ಟಿಯ ಪ್ರತಿಯೊಂದು ಸಂಖ್ಯೆಯ ಕೊನೆಯಲ್ಲೂ ‘ಜಿ’ ಎಂಬ ಅಕ್ಷರವಿತ್ತು, ನಮ್ಮ ಲೇಬಲ್ಲಿನಲ್ಲಿ ಅದು ಇರಲಿಲ್ಲ. ಆ ತಯಾರಕರ ಲೆಕ್ಕದಲ್ಲಿ ಆ ಅಕ್ಷರ ಹಿಂದೆ ಮುಂದೆ ಎರಡೂ ಕಡೆ ಗಾಜಿರುವ ಪ್ಯಾನೆಲ್ಲಿನ ಗುರುತು. ನಮಗೆ ಕೊಡಲು ಹೊರಟಿದ್ದದ್ದು ಬೆನ್ನಿಗೆ ಪ್ಲಾಸ್ಟಿಕ್ ಹಾಳೆ ಇರುವಂಥದ್ದು.

ಕೋಳಿ ಶೆಡ್ಡಿನ ಮಟ್ಟಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಅಮೋನಿಯಾ ಬರುವುದು ಕೆಳಗಿನಿಂದ. ಶೆಡ್ಡಿನ ಬಿಸಿ ಗಾಳಿ ಚಾವಣಿಯ ನೆತ್ತಿಯ ಕಿಂಡಿಯಿಂದ ಹೊರಬಿದ್ದು ಪ್ಯಾನೆಲ್ಲಿನ ತಳಕ್ಕೇ ಬಡಿಯುತ್ತದೆ. ಬೆನ್ನಿನ ಹಾಳೆ, ಜಂಕ್ಷನ್ ಬಾಕ್ಸು, ಅದನ್ನು ಹಿಡಿದಿರುವ ಅಂಟು, ಎಲ್ಲವೂ ಇರುವುದು ಅಲ್ಲೇ. ಗಾಜಿನ ಬೆನ್ನು ಪಾಸಾಗಿದೆ ಎಂಬುದರಿಂದ ಪ್ಲಾಸ್ಟಿಕ್ ಬೆನ್ನಿನ ಬಗ್ಗೆ ಏನೂ ತಿಳಿಯುವುದಿಲ್ಲ.

ಎರಡೂ ಕಡೆ ಗಾಜಿರುವುದನ್ನೇ ಕೊಡಿ ಎನ್ನಬಹುದಿತ್ತು. ಆದರೆ ಅದು ಪ್ಯಾನೆಲ್ಲಿಗೆ ಕೆಲವು ಕಿಲೋ ಹೆಚ್ಚು ತೂಗುತ್ತದೆ. ಹಳೆಯ ಶೆಡ್ಡಿನ ಕಬ್ಬಿಣದ ಟ್ರಸ್ಸುಗಳು ಆಗಲೇ ಅಲ್ಲಲ್ಲಿ ತುಕ್ಕು ಹಿಡಿದಿದ್ದವು. ಹಾಗಾಗಿ ನಮ್ಮ ಮಾದರಿಯದೇ ಪರೀಕ್ಷಾ ವರದಿ ಇದ್ದರೆ ಮಾತ್ರ ಖರೀದಿ ಎಂದು ಪಟ್ಟು ಹಿಡಿದೆ. ಫಾರಂ ಯಜಮಾನರು, ‘ಅಣ್ಣಾ, ಒಂದು ಅಕ್ಷರಕ್ಕೆ ಇಷ್ಟೆಲ್ಲ ಬೇಕೇ?’ ಎಂದರು. ಪ್ಯಾನೆಲ್ಲಿನ ಬೆನ್ನನ್ನೂ ಪತ್ರದ ಪಟ್ಟಿಯನ್ನೂ ತೋರಿಸಿದ ಮೇಲೆ ಅವರೇ ಪೂರೈಕೆದಾರರಿಗೆ ಫೋನ್ ಮಾಡಿದರು.

ಕೊನೆಗೆ ತಯಾರಕರಿಂದ ಪ್ಲಾಸ್ಟಿಕ್ ಬೆನ್ನಿನ ಮಾದರಿಯದೇ ಪೂರ್ತಿ ವರದಿ ಬಂತು. ಪರೀಕ್ಷೆ ಹೀಗಿರುತ್ತದೆ: 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಪೂರ್ತಿ ತೇವದಲ್ಲಿ, ಹತ್ತು ಲಕ್ಷಕ್ಕೆ 6,667 ಭಾಗ ಅಮೋನಿಯಾ ತುಂಬಿದ ಪೆಟ್ಟಿಗೆಯೊಳಗೆ 8 ಗಂಟೆ, ಆಮೇಲೆ ಸಾಮಾನ್ಯ ಉಷ್ಣತೆಯಲ್ಲಿ 16 ಗಂಟೆ. ಹೀಗೆ 20 ಸುತ್ತು, ಒಟ್ಟು 480 ಗಂಟೆ. ಆಮೇಲೆ ವಿದ್ಯುತ್ ಉತ್ಪಾದನೆ ಶೇಕಡಾ 5ಕ್ಕಿಂತ ಹೆಚ್ಚು ಕುಸಿದಿರಬಾರದು, ಒದ್ದೆಯಾಗಿದ್ದಾಗಲೂ ವಿದ್ಯುತ್ ಸೋರಬಾರದು, ಕಣ್ಣಿಗೆ ಕಾಣುವ ದೊಡ್ಡ ದೋಷ ಇರಬಾರದು. ವರದಿಯಲ್ಲಿ ಬೆನ್ನಿನ ಹಾಳೆ, ಜಂಕ್ಷನ್ ಬಾಕ್ಸ್, ಅಂಟು ಇವುಗಳ ತಯಾರಕರು ಮತ್ತು ಮಾದರಿಗಳ ಪಟ್ಟಿಯೂ ಇತ್ತು. ಬಾಕ್ಸಿನ ಮೇಲೆ ಅಚ್ಚಾಗಿದ್ದ ಹೆಸರನ್ನು ಅದರೊಂದಿಗೆ ಹೋಲಿಸಿದೆ, ಹೊಂದಿತು. ಹೊಂದದಿದ್ದರೆ, ಮಾದರಿ ಸಂಖ್ಯೆ ಒಂದೇ ಆದರೂ ಒಳಗಿನ ಸರಕು ಬದಲಾಗಿದೆ ಎಂದು ತಿಳಿದು ಮತ್ತೆ ಕೇಳಬೇಕು.

480 ಗಂಟೆ ಎಂದರೆ ಶೆಡ್ಡಿನ ಮೇಲೆ ಎಷ್ಟು ವರ್ಷ ಎಂದು ಹಲವರು ಕೇಳುತ್ತಾರೆ. ಆ ಪರೀಕ್ಷೆಯನ್ನು ವರ್ಷಗಳಿಗೆ ಬದಲಿಸುವ ಲೆಕ್ಕವನ್ನು ಮಾನಕ ಕೊಡುವುದಿಲ್ಲ, ನಾನೂ ಕೊಡುವುದಿಲ್ಲ. ಪ್ಯಾನೆಲ್ಲನ್ನು ಎಲ್ಲಿ ಹಾಕಬಹುದು ಎಂಬುದನ್ನು ತಯಾರಕರ ಅಳವಡಿಕೆ ಕೈಪಿಡಿ ಬೇರೆಯಾಗಿಯೇ ಹೇಳುತ್ತದೆ. ಕಡಲಿನಿಂದ, ಪ್ರಾಣಿಗಳ ಕೊಟ್ಟಿಗೆಯಿಂದ ಇಷ್ಟು ದೂರವಿರಲಿ ಎಂಬ ಷರತ್ತು ಹಲವು ಕೈಪಿಡಿಗಳಲ್ಲಿರುತ್ತದೆ. ಅದನ್ನು ಮೀರಿದರೆ ಪರೀಕ್ಷೆ ಪಾಸಾಗಿದ್ದರೂ ವಾರಂಟಿ ಕೈಕೊಡಬಹುದು. ನಮ್ಮ ಕೈಪಿಡಿಯಲ್ಲಿ ಅಂಥ ನಿಷೇಧವಿರಲಿಲ್ಲ. ಆದರೂ ಕೋಳಿ ಶೆಡ್ಡಿನ ಚಾವಣಿಗೆ ಹಾಕುತ್ತಿದ್ದೇವೆ ಎಂದು ತಿಳಿಸಿ, ಒಪ್ಪಿಗೆಯನ್ನು ಇಮೇಲ್‌ನಲ್ಲಿ ಪಡೆದೆ.

ಖರೀದಿ ಆದೇಶದಲ್ಲಿ ಪೂರ್ತಿ ಮಾದರಿ ಸಂಖ್ಯೆಯನ್ನೂ ಅಮೋನಿಯಾ ವರದಿಯ ಸಂಖ್ಯೆಯನ್ನೂ ನಮೂದಿಸಿ, ಲಾರಿಯಿಂದ ಇಳಿಸುವಾಗ 20 ಲೇಬಲ್‌ಗಳನ್ನೂ ಓದಿ ಟಿಕ್ ಹಾಕಿದೆವು. ಚಾವಣಿಯ ನೆತ್ತಿಯ ಕಿಂಡಿಯ ಎರಡೂ ಬದಿಯಲ್ಲಿ ಪ್ಯಾನೆಲ್ ಹಾಕದೆ ಜಾಗ ಬಿಟ್ಟೆವು.

ಪತ್ರ ಕಾಯುವುದು ಪ್ಯಾನೆಲ್ಲನ್ನು ಮಾತ್ರ. ನಾವು ಜೋಡಿಸುವ ಕ್ಲಾಂಪು, ಅರ್ಥಿಂಗ್ ತಂತಿ, ಅದರ ತುದಿಗೆ ಹಾಕುವ ಲಗ್ಗುಗಳು ಆ ಪರೀಕ್ಷೆಯೊಳಗೆ ಬರುವುದಿಲ್ಲ. ಅದಕ್ಕೇ ಬರಿಯ ತಾಮ್ರದ ಲಗ್ಗು ಬಿಟ್ಟು ತವರ ಲೇಪಿಸಿದ್ದನ್ನು ಹಾಕಿದೆ, ನಟ್ಟು ಬೋಲ್ಟುಗಳಿಗೆ ಸ್ಟೇನ್‌ಲೆಸ್ ಸ್ಟೀಲನ್ನೇ ಆರಿಸಿದೆ. ಲಗ್ಗುಗಳಲ್ಲಿ ನೀಲಿ ಹಸಿರು ಬಣ್ಣ ಕಂಡರೆ, ಫ್ರೇಮಿನ ಮೂಲೆಗಳಲ್ಲಿ ಬಿಳಿ ಪುಡಿ ಕೂತರೆ, ಜಂಕ್ಷನ್ ಬಾಕ್ಸಿನ ಅಂಚು ಎದ್ದರೆ ಕೂಡಲೇ ಫೋಟೋ ತೆಗೆದು ಕಳಿಸಿ ಎಂದು ಫಾರಂನ ಹುಡುಗರಿಗೆ ಹೇಳಿಕೊಟ್ಟಿದ್ದೇನೆ.