ಕೇಳಿದ್ದು ತಿಳಿಯುತ್ತೆ, ಮಾತು ಹೊರಡಲ್ಲ: ಹೊಸದಾಗಿ ಬಂದ ಅಪ್ಪ-ಅಮ್ಮಂದಿರಿಗೆ

ನ್ಯೂಜೆರ್ಸಿಗೆ ಹೊಸದಾಗಿ ಬಂದವರು ನಮ್ಮ ಮನೆಗೆ ಬಂದಾಗ ಮೊದಲು ಕೇಳೋದು ಬಾಡಿಗೆ ಮನೆ, ಡ್ರೈವಿಂಗ್ ಲೈಸೆನ್ಸು, ಮಕ್ಕಳ ಸ್ಕೂಲ್ ಅಡ್ಮಿಶನ್ನು. ಅವೆಲ್ಲ ಆಗೇ ಆಗುತ್ತವೆ. ಕಾಗದಪತ್ರ ಒಂದು ಫೈಲಿನಲ್ಲಿ ಜೋಡಿಸಿಟ್ಟುಕೊಳ್ಳಿ. ನಾನು ಹೇಳಬೇಕೆಂದಿರುವುದು ಮಕ್ಕಳ ಕನ್ನಡದ ಬಗ್ಗೆ, ಹತ್ತು ವರ್ಷ ಕಳೆದ ಮೇಲೆ ಗೊತ್ತಾಗುವ ವಿಷಯ. ನನಗೆ ಪೂರ್ತಿ ಗೊತ್ತಾಗುವಷ್ಟರಲ್ಲಿ ನಮ್ಮಪ್ಪ ತೀರಿಕೊಂಡಿದ್ದರು.

"ಮಗಳಿಗೆ ಕನ್ನಡ ಎಲ್ಲಾ ಅರ್ಥ ಆಗುತ್ತೆ, ಮಾತಾಡಲ್ಲ ಅಷ್ಟೆ" ಎಂದು ನಾನು ಏಳೆಂಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಆ ಮಾತಿನ ಎರಡು ಭಾಗವೂ ತಪ್ಪಾಗಿತ್ತು.

ಮೊದಲಿಗೆ, ಅವಳಿಗೆ ಎಲ್ಲಾ ಅರ್ಥ ಆಗುತ್ತಿರಲಿಲ್ಲ. "ತಟ್ಟೆ ತಗೊಂಡು ಬಾ" ಅಂದರೆ ತರುತ್ತಿದ್ದಳು, ಏಕೆಂದರೆ ಊಟದ ಹೊತ್ತಾಗಿರುತ್ತಿತ್ತು, ನನ್ನ ಕೈ ತಟ್ಟೆಯ ಕಡೆ ಚಾಚಿರುತ್ತಿತ್ತು. ಮಾತಿಗಿಂತ ಹೆಚ್ಚಾಗಿ ಸಂದರ್ಭ ಅವಳಿಗೆ ತಿಳಿಯುತ್ತಿತ್ತು. ನಿಮ್ಮ ಮನೆಯಲ್ಲಿ ಹೀಗೆ ಪರೀಕ್ಷೆ ಮಾಡಿ ನೋಡಿ. ಮಗುವಿಗೆ ಬೆನ್ನು ಮಾಡಿ ನಿಂತು, ಕೈಸನ್ನೆ ಮಾಡದೆ, ಆ ಹೊತ್ತಿಗೆ ಸಂಬಂಧವಿಲ್ಲದ ಮಾತು ಹೇಳಿ: "ನೀಲಿ ಡಬ್ಬಿ ಹಿಂದಿರೋ ಚೀಲ ತಗೊಂಡು ಬಾ, ಡಬ್ಬಿ ಮುಟ್ಟಬೇಡ." ಡಬ್ಬಿಯನ್ನೇ ಎತ್ತಿಕೊಂಡು ಬಂದರೆ 'ಹಿಂದಿರೋ', 'ಬೇಡ' ಎಂಬ ಕಡೆ ಎಡವಿದೆ ಎಂದರ್ಥ. "ಅಜ್ಜಿ ಬಂದಿದ್ರೆ ನಿನಗೆ ಉಂಡೆ ಮಾಡಿಕೊಡ್ತಿದ್ದರು" ಅಂತ ಒಮ್ಮೆ ಹೇಳಿದಾಗ ನನ್ನ ಮಗಳು ಬಾಗಿಲ ಕಡೆ ಓಡಿದಳು, ಅಜ್ಜಿ ಬಂದಿದ್ದಾರೆ ಅಂದುಕೊಂಡು. 'ಬಂದಿದ್ರೆ' ಅವಳಿಗೆ 'ಬಂದಿದ್ದಾರೆ' ಆಗಿತ್ತು. ಆ ದಿನ ನಾನು ನಕ್ಕು ಸುಮ್ಮನಾದೆ. ಆಗಲೇ ಎಚ್ಚರಗೊಳ್ಳಬೇಕಿತ್ತು.

ಇನ್ನು 'ಮಾತಾಡಲ್ಲ ಅಷ್ಟೆ' ಅನ್ನೋದು. ಅದು ಸೋಮಾರಿತನ ಅಂದುಕೊಂಡಿದ್ದೆ. ಅಸಲು ಸಂಗತಿ ದಾವಣಗೆರೆಯಲ್ಲಿ ನಮ್ಮ ಮನೆಯ ನಡುಮನೆಯಲ್ಲಿ ಗೊತ್ತಾಯಿತು. ಬೇಸಿಗೆ ರಜೆಗೆ ಹೋಗಿದ್ದೆವು, ಅವಳಿಗೆ ಆಗ ಎಂಟು ವರ್ಷ. ಜಗಳೂರಿನಿಂದ ನಮ್ಮ ದೊಡ್ಡಪ್ಪ ಬಂದರು. ಅವಳು ಧೈರ್ಯ ಮಾಡಿ, ಕುರ್ಚಿ ಎಳೆದು, "ಬಾ, ಕೂತ್ಕೋ, ಊಟ ಮಾಡು" ಅಂದಳು. ಮನೆ ತುಂಬಾ ನಗು. ಯಾರೋ "ಅಮೆರಿಕದ ಮೇಡಂ ದೊಡ್ಡಪ್ಪಗ ಆರ್ಡರ್ ಮಾಡ್ತಾಳ ನೋಡ್ರಿ" ಅಂದರು. ದೊಡ್ಡಪ್ಪ ಪ್ರೀತಿಯಿಂದಲೇ ನಕ್ಕರು. ಆದರೆ ಮಗು ಆಮೇಲಿನ ಮೂರು ವಾರ ಕನ್ನಡದಲ್ಲಿ ಬಾಯಿ ಬಿಡಲಿಲ್ಲ. ನಮ್ಮಪ್ಪ ಸಂಜೆ ಮಂಡಕ್ಕಿ ಮೆಣಸಿನಕಾಯಿ ತಂದು ಪಕ್ಕದಲ್ಲಿ ಕೂರಿಸಿಕೊಂಡು ಕತೆ ಹೇಳಿದರೂ 'ಹೂಂ' ಬಿಟ್ಟರೆ ಬೇರೆ ಮಾತಿಲ್ಲ.

ರಾತ್ರಿ ಮಲಗಿಕೊಂಡು ಯೋಚಿಸಿದೆ. 'ಬಾ, ಕೂತ್ಕೋ, ತಿನ್ನು, ಮಲಗು, ಬೇಗ ಹೊರಡು': ನಾನು ಅವಳಿಗೆ ದಿನವೆಲ್ಲ ಹೇಳುತ್ತಿದ್ದ ಕನ್ನಡ ಇಷ್ಟೇ. ಅಪ್ಪಣೆಯ ಕನ್ನಡ. ಅದಕ್ಕೆ ಮಗು ಎದ್ದು ಹೋದರೆ ಸಾಕು, ಉತ್ತರ ಬೇಕಿಲ್ಲ. 'ಬರ್ರಿ', 'ಕುಂದರ್ರಿ' ಅನ್ನುವ ಕನ್ನಡ ಅವಳ ಕಿವಿಗೆ ಬೀಳುತ್ತಿದ್ದದ್ದೇ ಅಪರೂಪ, ಏಕೆಂದರೆ ಇಲ್ಲಿ ನಮ್ಮ ಮನೆಗೆ ಬರುವ ಹಿರಿಯರೇ ಇಲ್ಲ. ಊರಿನ ಮಗು ಹಾಲಿನವರ ಹತ್ತಿರ, ಪಕ್ಕದ ಮನೆಯ ಅಜ್ಜನ ಹತ್ತಿರ, ಅಂಗಡಿಯಲ್ಲಿ ನೂರು ಸಲ ಕೇಳಿ ಕಲಿಯುವುದನ್ನು ಇಲ್ಲಿ ನಾವೇ ಮನೆಯೊಳಗೆ ತಂದಿಡಬೇಕು. ಈಗ ಅಮ್ಮನ ಜೊತೆ ಫೋನನ್ನು ಸ್ಪೀಕರಿನಲ್ಲಿಟ್ಟೇ ಮಾತಾಡುತ್ತೇವೆ. ಸ್ನೇಹಿತರ ಅಪ್ಪ-ಅಮ್ಮ ಊರಿಂದ ಬಂದರೆ, "ಅಜ್ಜನಿಗೆ ಕಾಫಿ ಬೇಕೇನ್ರಿ ಅಂತ ಕೇಳಿಕೊಂಡು ಬಾ" ಎಂದು ಅವಳನ್ನೇ ಕಳಿಸುತ್ತೇನೆ. ಕೇಳಬೇಕಾದ ಮಾತು ಆ ಮಾತಿನಲ್ಲೇ ಇರುತ್ತದೆ.

ಉತ್ತರ ಇಂಗ್ಲಿಷಿನಲ್ಲಿ ಬಂದಾಗ ಏನು ಮಾಡಬೇಕು ಅನ್ನೋದರಲ್ಲೂ ನಾನು ಎರಡು ತಪ್ಪು ಮಾಡಿದೆ. ಮೊದಲು ನಾನೂ ಇಂಗ್ಲಿಷಿಗೆ ಜಾರುತ್ತಿದ್ದೆ. ಆಮೇಲೆ ರೋಷ ಬಂದು "ಕನ್ನಡದಲ್ಲಿ ಹೇಳು, ಇಲ್ಲಾಂದ್ರೆ ಕೊಡಲ್ಲ" ಎಂದು ಹಟಕ್ಕೆ ಬಿದ್ದೆ. ಅವಳು ಕೇಳುವುದನ್ನೇ ಬಿಟ್ಟಳು. ಫಲ ಕೊಟ್ಟದ್ದು ಆಯ್ಕೆ ಇಟ್ಟು ಕೇಳುವುದು: "ದೋಸೆಗೆ ಚಟ್ನಿ ಬೇಕಾ, ಪಲ್ಯ ಬೇಕಾ?" ಬೇಕಾದ ಪದ ಪ್ರಶ್ನೆಯಲ್ಲೇ ಇರುವುದರಿಂದ ಮಗು ಅದನ್ನು ಎತ್ತಿಕೊಂಡರೆ ಸಾಕು. ಕೇಳಿ, ಮನಸ್ಸಿನಲ್ಲೇ ಐದು ಎಣಿಸುವವರೆಗೆ ಸುಮ್ಮನಿರಿ. ಆ ಮೌನ ತಡೆಯಲಾರದೆ ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ. ಅವಳು "ನಾನು ಚಟ್ನಿ ಬೇಕು" ಅಂದರೆ "ತಪ್ಪು" ಅನ್ನುವುದಿಲ್ಲ, "ಓ, ನಿನಗೆ ಚಟ್ನಿ ಬೇಕಾ? ನನಗೂ ಬೇಕು" ಎಂದು ಬಡಿಸುತ್ತೇನೆ. 'ನನಗೆ' ಅವಳ ಬಾಯಲ್ಲಿ ನಿಲ್ಲಲು ನಾಲ್ಕು ತಿಂಗಳು ಹಿಡಿಯಿತು. ಇಂಗ್ಲಿಷಿನಲ್ಲಿ ಬೇಕಾದವನು 'ನಾನು', ಹಸಿದವನೂ 'ನಾನು'. ಕನ್ನಡದಲ್ಲಿ ನನಗೆ ಬೇಕು, ನನಗೆ ಹಸಿವು, ನನಗೆ ಚಳಿ. ಇಂಗ್ಲಿಷ್ ಬಲವಾಗಿರುವ ಮಗು ಇಲ್ಲೇ ಜಾರುವುದು.

ಉಚ್ಚಾರಣೆಗೆ ಮಾತ್ರ ಅಷ್ಟು ಹೆದರಬೇಡಿ. ಚಿಕ್ಕಂದಿನಲ್ಲಿ ಸ್ಪ್ಯಾನಿಷ್ ಕಿವಿಗೆ ಬಿದ್ದು, ದೊಡ್ಡವರಾದ ಮೇಲೆ ಕಾಲೇಜಿನಲ್ಲಿ ಅದನ್ನು ಕಲಿತವರ ಮೇಲೆ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಉಚ್ಚಾರಣೆಯಲ್ಲಿ ಅವರು ಹೊಸದಾಗಿ ಕಲಿಯುವವರಿಗಿಂತ ಮುಂದಿದ್ದರು, ವ್ಯಾಕರಣದಲ್ಲಿ ಅವರಷ್ಟೇ ಇದ್ದರು. ನಮ್ಮ ಮನೆಯಲ್ಲೂ ಹಾಗೇ ಆಯಿತು. 'ಬೆಳ್ಳುಳ್ಳಿ' ಅನ್ನುವಾಗ ಅವಳ ನಾಲಿಗೆ ತಾನಾಗಿ ಹಿಂದಕ್ಕೆ ಮಡಚುತ್ತದೆ, ವಾಕ್ಯ ಕಟ್ಟುವಾಗ ತಡವರಿಸುತ್ತಾಳೆ.

ಓದಿನ ವಿಷಯದಲ್ಲಿ ನನಗೆ ತುಂಬಾ ಸಂಕಟವಿದೆ. ವರ್ಣಮಾಲೆಯ ಪಟ ಗೋಡೆಗೆ ಅಂಟಿಸಿ ಅ ಆ ಇ ಈ ಬಾಯಿಪಾಠ ಮಾಡಿಸಿದೆ. ಎರಡು ವರ್ಷಕ್ಕೆ ಕಾಗುಣಿತವೂ ಬಂತು. ಆದರೆ ಕತೆ ಪುಸ್ತಕ ಕೊಟ್ಟರೆ 'ಮ-ನೆ-ಯ-ಲ್ಲಿ' ಎಂದು ಕೂಡಿಸಿ ಓದಿ, ಇದು ಯಾವ ಪದ ಎಂದು ನನ್ನ ಮುಖ ನೋಡುತ್ತಿದ್ದಳು. ಅವಳು ಹುಟ್ಟಿದಾಗಿನಿಂದ ಕೇಳಿದ್ದು 'ಮನೇಲಿ'. ಪುಸ್ತಕದಲ್ಲಿ 'ಬರುತ್ತಾನೆ', ನಮ್ಮ ಬಾಯಲ್ಲಿ 'ಬರ್ತಾನೆ'. ಅಕ್ಷರ ಗೊತ್ತಿದ್ದೂ ಪದದ ಗುರುತು ಸಿಗುತ್ತಿರಲಿಲ್ಲ. ಊರಿನ ಮಕ್ಕಳಿಗೆ ಶಾಲೆ, ಪೇಪರು, ಟಿ.ವಿ. ವಾರ್ತೆ ಈ ಎರಡು ಕನ್ನಡವನ್ನೂ ಬೆಸೆದುಕೊಡುತ್ತವೆ. ಇಲ್ಲಿ ಬೆಸೆಯುವವರು ಯಾರೂ ಇಲ್ಲ.

ಆಮೇಲೆ ಪುಸ್ತಕ ಪಕ್ಕಕ್ಕಿಟ್ಟೆ. ರಾತ್ರಿ ಊಟವಾದ ಮೇಲೆ ಅವಳು ಹೇಳಿದ ಒಂದು ಮಾತನ್ನು ಹೇಳಿದ ಹಾಗೇ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಮೊದಲನೇ ಸಾಲು ಈಗಲೂ ಇದೆ: "ಮಂಡಕ್ಕಿಗೆ ಈರುಳ್ಳಿ ಹಾಕ್ಬೇಡ." ತನ್ನದೇ ಮಾತಾದ್ದರಿಂದ ಮುಂದೇನು ಬರುತ್ತದೆಂದು ಅವಳಿಗೆ ಗೊತ್ತು, ಕಣ್ಣು ಸಲೀಸಾಗಿ ಹರಿಯುತ್ತದೆ. ಒತ್ತಕ್ಷರವನ್ನೂ ಬೇರೆಯಾಗಿ ಕಲಿಸಲಿಲ್ಲ, 'ಮಂಡಕ್ಕಿ', 'ಅಜ್ಜಿ', 'ಬೆಣ್ಣೆ' ಓದುತ್ತಲೇ ಬಂತು. ಅರವತ್ತು ಎಪ್ಪತ್ತು ಸಾಲಾದ ಮೇಲೆ ಪ್ರತಿ ಸಾಲಿನ ಕೆಳಗೆ ಪುಸ್ತಕದ ರೂಪವನ್ನೂ ಬರೆದೆ: 'ಹಾಕ್ಬೇಡ' ಕೆಳಗೆ 'ಹಾಕಬೇಡ', 'ಮನೇಲಿ' ಕೆಳಗೆ 'ಮನೆಯಲ್ಲಿ'. ಎರಡೂ ಒಂದೇ ಎಂದು ಕಣ್ಣಿಗೆ ಕಂಡ ಮೇಲೆ ಕತೆ ಪುಸ್ತಕಕ್ಕೆ ವಾಪಸ್ ಹೋದೆವು. ಪೇಪರು ಈಗಲೂ ಓದಲಾರಳು. ಅದರ ಪದಗಳು ನಮ್ಮ ಅಡುಗೆಮನೆಯಲ್ಲಿ ಹುಟ್ಟಿದವಲ್ಲ.

ಈಗ ಅವಳಿಗೆ ಹದಿಮೂರು. ಹೋದ ತಿಂಗಳು ವಿಡಿಯೋ ಕಾಲಿನಲ್ಲಿ, ನಾನು ಏನೂ ಹೇಳಿಕೊಡದೆ, ಅಜ್ಜಿಯನ್ನು ಕೇಳಿದಳು: "ಅಜ್ಜ ನಿಮ್ಮನ್ನ ಏನಂತ ಕರೀತಿದ್ರು?" ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಸರು ಹಿಡೀತಿರಲಿಲ್ಲವ್ವಾ. ಇವಳ ಅಂತಿದ್ರು" ಅಂದರು. ಮಗಳು ನೋಟ್‌ಬುಕ್ ತಂದು ಅದನ್ನು ತಾನೇ ಬರೆದುಕೊಂಡಳು. "'ಹಿಡೀತಿರಲಿಲ್ಲ' ಅಂದ್ರೆ ಕೈಯಲ್ಲಿ ಹಿಡಿಯೋದಾ?" ಎಂದು ಕೇಳಿದಳು. ಅಮ್ಮ ಅವಳಿಗೆ ಹೇಳತೊಡಗಿದರು. ನಾನು ಎದ್ದು ಅಡುಗೆಮನೆಗೆ ಹೋದೆ.