ನೀರು ನಿಶಾನೆಗೆ ತಾಗುವಾಗ: ಕಂಬಳದಲ್ಲಿ ಬರ್ಸ್ಟ್ ಮತ್ತು ಲೈವ್ ಫೋಟೋ

ಕಂಬಳದಲ್ಲಿ ನಾನು ಜಾಸ್ತಿ ಫೋಟೋ ತೆಗೆಯುವುದು ಕನೆಹಲಗೆ ವಿಭಾಗದಲ್ಲಿ. ಅಲ್ಲಿ ಓಟಕ್ಕಿಂತ ನೀರೇ ಮುಖ್ಯ. ಕೋಣ ಓಡಿಸುವವರು ನಿಂತ ಹಲಗೆಯ ತೂತುಗಳಿಂದ ಕೆಸರುನೀರು ಮೇಲಕ್ಕೆ ಚಿಮ್ಮುತ್ತದೆ. ಕೋಣ ಓಡುವ ಕೆಸರಿನ ಕರೆಗೆ ಅಡ್ಡವಾಗಿ 6.5 ಇಲ್ಲವೇ 7.5 ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆ ಬಟ್ಟೆಗೆ ಅದು ತಾಗಬೇಕು. ನನಗೆ ಬೇಕಾದದ್ದು ಆ ತಾಗುವ ಫೋಟೋ.

ಎಲ್ಲಿ ನಡೆಯುತ್ತದೆ ಅಂತ ಮೊದಲೇ ಗೊತ್ತಿರುವುದರಿಂದ ಇದು ಬರ್ಸ್ಟ್‌ನ, ಅಂದರೆ ಒತ್ತಿ ಹಿಡಿದಷ್ಟು ಹೊತ್ತು ಸಾಲಾಗಿ ಫೋಟೋ ತೆಗೆಯುವುದರ ಕೆಲಸ. ನನ್ನದು ಐಫೋನ್. Settings ಒಳಗೆ Camera ತೆರೆದು Use Volume Up for Burst ಆನ್ ಮಾಡಿದ್ದೇನೆ. ಸ್ಕ್ರೀನಿನ ಬಟನ್ ಎಳೆದು ಹಿಡಿಯುವುದಕ್ಕಿಂತ ಇದರಲ್ಲಿ ಕೈ ಕಡಿಮೆ ಅಲುಗುತ್ತದೆ. ಕೋಣ ಬರುವ ಮೊದಲೇ ನಿಶಾನೆ ಕಟ್ಟಿದ ಕಂಬದ ಮೇಲೆ ಬೆರಳು ಒತ್ತಿ ಹಿಡಿಯುತ್ತೇನೆ. AE/AF LOCK ಅಂತ ಬಂದ ಮೇಲೆ ಬೆರಳು ಕೆಳಕ್ಕೆ ಎಳೆದು ಬೆಳಕು ಸ್ವಲ್ಪ ಇಳಿಸುತ್ತೇನೆ. ಇಲ್ಲದಿದ್ದರೆ ಬಿಸಿಲಿಗೆ ನೀರ ಹನಿಗಳೆಲ್ಲ ಬರೀ ಬಿಳಿಯಾಗಿ ಬಿಡುತ್ತವೆ.

ಬರ್ಸ್ಟ್‌ನಲ್ಲಿ ಸೆಕೆಂಡಿಗೆ 10 ಫೋಟೋ. ಕೋಣ ಸೆಕೆಂಡಿಗೆ 10 ಮೀಟರ್ ಓಡಿದರೆ ಎರಡು ಫೋಟೋಗಳ ನಡುವೆ ಒಂದು ಮೀಟರ್ ದಾಟಿರುತ್ತದೆ. ಅಂದರೆ ನಿಶಾನೆಯ ಕೆಳಗೆ ಸಿಗುವುದು ಒಂದೋ ಎರಡೋ ಫೋಟೋ ಅಷ್ಟೇ. ಹಾಗಾಗಿ ಕೋಣದ ಮೂಗು ನಿಶಾನೆಗೆ ಎರಡು ಮೂರು ಮಾರು ದೂರ ಇರುವಾಗಲೇ ಒತ್ತಿ, ನೀರು ಕೆಳಗೆ ಬೀಳುವವರೆಗೆ ಹಿಡಿದಿರುತ್ತೇನೆ. ಕರೆ ಉದ್ದಕ್ಕೂ ಒತ್ತಿಕೊಂಡು ಕೂತರೆ ಆಮೇಲೆ ಆರಿಸುವುದೇ ತಲೆನೋವು, ಅಲ್ವಾ? ಆರಿಸುವಾಗ ನಾನು ಕೋಣದ ಮುಖ ನೋಡುವುದಿಲ್ಲ. ಬಟ್ಟೆಯ ಕೆಳ ಅಂಚನ್ನು ದೊಡ್ಡದು ಮಾಡಿ ನೋಡುತ್ತೇನೆ. ನೀರು ತಾಗಿದ್ದರೆ ಬಟ್ಟೆ ಅಲ್ಲಿ ಒದ್ದೆಯಾಗಿ ಬಣ್ಣ ಗಾಢವಾಗಿರುತ್ತದೆ.

ಓಟ ಶುರುವಾಗುವ ಗಂತಿನಲ್ಲಿ ಕೋಣ ಬಿಡುವಾಗ ಮಾತ್ರ ಲೈವ್ ಫೋಟೋ. ಅಲ್ಲಿ ಕೋಣ ಯಾವಾಗ ನುಗ್ಗುತ್ತದೋ ಹೇಳಲಾಗದು. ನಾವು ಒತ್ತುವಷ್ಟರಲ್ಲಿ ಅದು ಮುಂದೆ ಹೋಗಿರುತ್ತದೆ. ಲೈವ್ ಫೋಟೋದಲ್ಲಿ ಒತ್ತುವ ಮೊದಲಿನ ಒಂದೂವರೆ ಸೆಕೆಂಡೂ ಇರುತ್ತದೆ. ಆಮೇಲೆ Edit ಒತ್ತಿ, ಲೈವ್ ಗುರುತು ಮುಟ್ಟಿ, ಕೆಳಗಿನ ಪಟ್ಟಿಯಲ್ಲಿ ಹಿಂದಕ್ಕೆ ಸರಿದು, ಬೇಕಾದ ಕಡೆ Make Key Photo ಕೊಟ್ಟರಾಯಿತು. ಆದರೆ ಹಾಗೆ ಆರಿಸಿದ್ದು ವಿಡಿಯೋದ ಚೂರು. ವಾಟ್ಸಾಪ್‌ಗೆ ಧಾರಾಳ ಸಾಕು, ದೊಡ್ಡದಾಗಿ ಪ್ರಿಂಟ್ ಹಾಕಿಸಿದರೆ ಮಸುಕು ಕಾಣುತ್ತದೆ. ಫ್ರೇಮ್ ಹಾಕಿಸುವ ಫೋಟೋಗೆ ನಾನು ಲೈವ್ ನಂಬುವುದಿಲ್ಲ.

ರಾತ್ರಿ ಲೈಟಿನಲ್ಲಿ ಎರಡೂ ಅಷ್ಟಕ್ಕಷ್ಟೇ. ಬೆಳಕು ಕಡಿಮೆಯಾದಾಗ ಶಟರ್ ಹೆಚ್ಚು ಹೊತ್ತು ತೆರೆದಿರುತ್ತದೆ, ಬರ್ಸ್ಟ್‌ನ ಪ್ರತಿ ಫೋಟೋದಲ್ಲೂ ಕೋಣದ ಕಾಲು ಎಳೆದಂತೆ ಬರುತ್ತದೆ. ಫೋಟೋ ಎಷ್ಟು ತೆಗೆದರೂ ಅದು ಸರಿಹೋಗುವುದಿಲ್ಲ. ಆಗ ಓಟ ಮುಗಿಯುವ ಮಂಜೊಟ್ಟಿಯ ದೊಡ್ಡ ಲೈಟಿನ ಹತ್ತಿರ ಜಾಗ ಹಿಡಿಯುತ್ತೇನೆ, ಅಲ್ಲಿ ಕೋಣಗಳ ವೇಗವೂ ಇಳಿದಿರುತ್ತದೆ.